ಮಾತ್ರೆಯ ಸ್ಟ್ರಿಪ್‌ಗೆ ಮೊಬೈಲ್ ಹಿಡಿದಾಗ

ಹತ್ತು ಮಾತ್ರೆಗಳ ಸ್ಟ್ರಿಪ್ಪೊಂದನ್ನು ಮಗುಚಿ ನೋಡಿದರೆ, ಅಂಗೈಯಗಲದ ಬೆಳ್ಳಿಬಣ್ಣದ ಹಾಳೆಯ ಮೇಲೆ ಔಷಧದ ಹೆಸರು, ಒಂದೊಂದು ಮಾತ್ರೆಯಲ್ಲಿ ಅದು ಎಷ್ಟಿದೆ ಎಂಬ ಲೆಕ್ಕ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಮತ್ತು ಚೌಕಟ್ಟಿನೊಳಗಿನ ಎಚ್ಚರಿಕೆ ಇವೆಲ್ಲವೂ ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತೊತ್ತಾಗಿ ಅಚ್ಚಾಗಿರುತ್ತವೆ. ಮೂರು ಮಾತ್ರೆ ನುಂಗಿ ಮುಗಿಯುವ ಹೊತ್ತಿಗೆ ಆ ಹಾಳೆ ಅಲ್ಲಲ್ಲಿ ಹರಿದು, ಮಡಿಚಿ, ಹೆಸರಿನ ಅರ್ಧ ಮತ್ತು ಎಚ್ಚರಿಕೆಯ ಕಾಲುಭಾಗ ಕಸದ ಬುಟ್ಟಿ ಸೇರಿರುತ್ತವೆ. ಉಳಿದದ್ದರ ಮೇಲೆ ಮೊಬೈಲಿನ ಕ್ಯಾಮೆರಾ ಹಿಡಿದು ಅನುವಾದದ ಗುಂಡಿ ಒತ್ತಿದರೆ, ಕ್ಷಣಮಾತ್ರದಲ್ಲಿ ಅದೇ ಬೆಳ್ಳಿ ಹಾಳೆಯ ಮೇಲೆ ಕನ್ನಡ ಅಕ್ಷರಗಳು ಮೂಡುತ್ತವೆ.

ಇಂಗ್ಲಿಷ್ ಬಾರದ ಮನೆಗಳಲ್ಲಿ, ಹಾಗೆಯೇ ಇಂಗ್ಲಿಷ್ ಬಂದರೂ ಔಷಧಶಾಸ್ತ್ರದ ಪರಿಭಾಷೆ ತಿಳಿಯದ ಮನೆಗಳಲ್ಲಿ, ಈ ಸೌಲಭ್ಯವು ನಿಜವಾಗಿಯೂ ಉಪಕಾರಿಯಾಗಿದೆ. ಪೆಟ್ಟಿಗೆಯ ತಳದಲ್ಲಿ ಸಿಕ್ಕ ಮಾತ್ರೆ ಜ್ವರದ್ದೋ ರಕ್ತದೊತ್ತಡದ್ದೋ ಎಂಬುದನ್ನು ತಿಳಿಯಲು ಅದು ಸಾಕಾಗುತ್ತದೆ. ಆದರೆ ಎಷ್ಟು ಮಾತ್ರೆ, ಎಷ್ಟು ಹೊತ್ತಿಗೊಮ್ಮೆ, ಯಾರು ತೆಗೆದುಕೊಳ್ಳಬಾರದು ಎಂಬ ಪ್ರಶ್ನೆಗಳಿಗೆ ಅದೇ ಪರದೆಯಿಂದ ಉತ್ತರ ಪಡೆಯಲು ಹೊರಟಾಗ ತೊಡಕು ಪ್ರಾರಂಭವಾಗುತ್ತದೆ. ಏಕೆಂದರೆ ಅನುವಾದ ತಪ್ಪುವ ಸಂಭವವಿರುವ ಜಾಗಗಳು ಮತ್ತು ತಪ್ಪಿದರೆ ಪ್ರಾಣಕ್ಕೆ ಎರವಾಗುವ ಜಾಗಗಳು ಬಹುಮಟ್ಟಿಗೆ ಒಂದೇ ಆಗಿವೆ.

ಸ್ಟ್ರಿಪ್ ಮಾತಾಡುವುದು ಯಾರೊಡನೆ?

ಭಾರತದಲ್ಲಿ ಔಷಧದ ಲೇಬಲ್ಲಿನ ಮೇಲೆ ಏನಿರಬೇಕು ಎಂಬುದನ್ನು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ ಅದರಡಿ 1945ರಲ್ಲಿ ರೂಪಿಸಲಾದ ನಿಯಮಗಳು ನಿರ್ಧರಿಸುತ್ತವೆ. ಔಷಧದ ಶಾಸ್ತ್ರೀಯ ಹೆಸರು, ಪ್ರತಿ ಮಾತ್ರೆಯಲ್ಲಿ ಇರುವ ಸಕ್ರಿಯ ಅಂಶದ ತೂಕ, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ, ತಯಾರಕರ ಹೆಸರು ಮತ್ತು ಪರವಾನಗಿ ಇವು ಕಡ್ಡಾಯ. ಸಕ್ರಿಯ ಅಂಶವೆಂದರೆ ಮಾತ್ರೆಯೊಳಗೆ ರೋಗದ ಮೇಲೆ ಕೆಲಸ ಮಾಡುವ ಭಾಗ. ಉಳಿದದ್ದು ಮಾತ್ರೆಗೆ ಆಕಾರ ಕೊಡುವ ಪಿಷ್ಟ, ಬಣ್ಣ ಮುಂತಾದ ಸಾಮಗ್ರಿ.

ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ, ಅದು ಮುಖ್ಯವಾಗಿ ಔಷಧ ನಿರೀಕ್ಷಕರಿಗೆ, ಅಂಗಡಿಯವರಿಗೆ ಮತ್ತು ವೈದ್ಯರಿಗೆ ಬೇಕಾದ ಮಾಹಿತಿ ಎಂಬುದು ಸ್ಪಷ್ಟವಾಗುತ್ತದೆ. ರೋಗಿಗೆ ಬೇಕಾದ ಮುಖ್ಯ ಸಂಗತಿಯ ಜಾಗದಲ್ಲಿ ಸಾಮಾನ್ಯವಾಗಿ ಇರುವುದು ‘ವೈದ್ಯರು ಸೂಚಿಸಿದಂತೆ’ ಎಂಬರ್ಥದ ಒಂದು ಸಾಲು ಮಾತ್ರ. ಈ ಸಾಲನ್ನು ಯಂತ್ರವು ದೋಷವಿಲ್ಲದೆ ಅನುವಾದಿಸಿದರೂ ಓದುಗರಿಗೆ ಸಿಗುವ ತಿಳಿವಳಿಕೆ ಸೊನ್ನೆಯೇ ಆಗಿರುತ್ತದೆ. ಆಗ ಅವರ ಕಣ್ಣು ಸಹಜವಾಗಿ ಹತ್ತಿರದ ಇನ್ನೊಂದು ಅಂಕಿಯತ್ತ, ಅಂದರೆ ‘ಪ್ರತಿ ಮಾತ್ರೆಯಲ್ಲಿ 500 ಮಿಲಿಗ್ರಾಂ’ ಎಂಬಂತಹ ಸಾಲಿನತ್ತ ಸರಿಯುತ್ತದೆ.

ಅಲ್ಲಿಯೇ ಮೊದಲ ಎಡವಟ್ಟು ಸಂಭವಿಸುವುದು. ಆ ಅಂಕಿ ಮಾತ್ರೆಯ ಬಲವನ್ನು ಹೇಳುತ್ತದೆ. ಒಬ್ಬ ವ್ಯಕ್ತಿ ಒಂದು ಹೊತ್ತಿಗೆ ಎಷ್ಟು ಸೇವಿಸಬೇಕೆಂಬ ಮಾತ್ರಾಪ್ರಮಾಣವನ್ನಲ್ಲ. ಯಂತ್ರದ ಕನ್ನಡದಲ್ಲಿ ಈ ಎರಡಕ್ಕೂ ‘ಪ್ರಮಾಣ’ ಎಂಬ ಒಂದೇ ಪದ ಬರುವುದು ಅಪರೂಪವಲ್ಲವಾದ್ದರಿಂದ, ಬೇರೆ ಬೇರೆ ಸಾಲುಗಳಲ್ಲಿ ಮುದ್ರಿತವಾದ ಎರಡು ಸಂಗತಿಗಳು ಓದುಗರ ಮನಸ್ಸಿನಲ್ಲಿ ಒಂದಾಗಿಬಿಡುತ್ತವೆ.

ಕ್ಯಾಮೆರಾ ಓದುವ ಬಗೆ

ಚಿತ್ರದ ಮೂಲಕ ಅನುವಾದಿಸುವ ತಂತ್ರವು ಎರಡು ಪ್ರತ್ಯೇಕ ಕೆಲಸಗಳನ್ನು ಒಂದರ ಬೆನ್ನಿಗೆ ಇನ್ನೊಂದರಂತೆ ಮಾಡುತ್ತದೆ. ಮೊದಲನೆಯದು ಅಕ್ಷರ ಗುರುತಿಸುವಿಕೆ: ಚಿತ್ರದೊಳಗಿನ ಬೆಳಕು ಮತ್ತು ಕಪ್ಪಿನ ಆಕಾರಗಳನ್ನು ನೋಡಿ ಇದು ಇಂತಹ ಅಕ್ಷರ, ಇದು ಇಂತಹ ಅಂಕಿ ಎಂದು ಊಹಿಸಿ ಅವನ್ನು ಪಠ್ಯವಾಗಿ ಬರೆದುಕೊಳ್ಳುವುದು. ಎರಡನೆಯದು ಆ ಪಠ್ಯವನ್ನು ಕನ್ನಡಕ್ಕೆ ತಿರುಗಿಸಿ ಮೂಲದ ಮೇಲೆಯೇ ಹೊದಿಸುವುದು. 2015ರಲ್ಲಿ ಗೂಗಲ್ ತನ್ನ ಅನುವಾದದ ಆ್ಯಪ್‌ಗೆ ಕ್ಯಾಮೆರಾ ಹಿಡಿದ ಕೂಡಲೇ ಅನುವಾದ ತೋರಿಸುವ ಸೌಲಭ್ಯವನ್ನು ಕೆಲವು ಭಾಷೆಗಳಿಗೆ ಸೇರಿಸಿತು. 2017ರಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ನರಜಾಲ ಆಧಾರಿತ ಅನುವಾದ ಬಂದ ಮೇಲೆ ವಾಕ್ಯಗಳು ಮೊದಲಿಗಿಂತ ಬಹಳ ಸರಾಗವಾದವು. ನರಜಾಲವೆಂದರೆ ಅಪಾರ ಸಂಖ್ಯೆಯ ಜೋಡಿ ವಾಕ್ಯಗಳಿಂದ ಕಲಿತು, ಇಡೀ ವಾಕ್ಯಕ್ಕೆ ಹೆಚ್ಚು ಸಂಭವನೀಯವಾದ ರೂಪವನ್ನು ಆರಿಸುವ ಗಣನಾಕ್ರಮ.

ಹೊದಿಸಿದ ಕನ್ನಡದ ಅಡಿಯಲ್ಲಿ ಮೂಲದ ಇಂಗ್ಲಿಷ್ ಮರೆಯಾಗುವುದರಿಂದ, ತಪ್ಪು ಮೊದಲ ಹಂತದ್ದೋ ಎರಡನೆಯದ್ದೋ ಎಂದು ತಿಳಿಯುವ ದಾರಿಯೇ ಓದುಗರ ಕಣ್ಣೆದುರಿನಿಂದ ಜಾರಿಹೋಗುತ್ತದೆ. ಸರಾಗತೆಯಿಂದಲೂ ಒಂದು ಕೇಡಿದೆ. ಹಿಂದಿನ ಯಂತ್ರಾನುವಾದವು ತಪ್ಪಿದಾಗ ವಾಕ್ಯವೇ ಅಡ್ಡಾದಿಡ್ಡಿಯಾಗಿ, ಇದರಲ್ಲೇನೋ ಎಡವಟ್ಟಾಗಿದೆ ಎಂಬ ಸೂಚನೆ ಸಿಗುತ್ತಿತ್ತು. ಈಗಿನದು ತಪ್ಪನ್ನೂ ಒಳ್ಳೆಯ ಕನ್ನಡದಲ್ಲಿಯೇ ಹೇಳುತ್ತದೆ.

ಕಾಗದದ ಮೇಲಿನ ಅಕ್ಷರಕ್ಕೂ ಸ್ಟ್ರಿಪ್‌ನ ಹಾಳೆಯ ಮೇಲಿನ ಅಕ್ಷರಕ್ಕೂ ಬಹಳ ವ್ಯತ್ಯಾಸವಿದೆ. ಅಲ್ಯೂಮಿನಿಯಂ ಹಾಳೆಯು ದೀಪದ ಬೆಳಕನ್ನು ಮರಳಿ ಕ್ಯಾಮೆರಾಕ್ಕೆ ಎಸೆಯುವುದರಿಂದ ಅಲ್ಲಲ್ಲಿ ಬಿಳಿ ಪಟ್ಟೆ ಮೂಡಿ ಅದರ ಕೆಳಗಿನ ಅಕ್ಷರಗಳು ಅಳಿದಂತೆ ಕಾಣುತ್ತವೆ. ಹಾಳೆಯನ್ನು ಅಂಟಿಸುವಾಗ ಒತ್ತಿದ ಚೌಕುಳಿ ಗೆರೆಗಳು ಅಕ್ಷರಗಳ ನಡುವೆ ಹಾಯುತ್ತವೆ. ಮಾತ್ರೆ ಕುಳಿತ ಗುಳಿಯ ಅಂಚಿನಲ್ಲಿ ಸಾಲು ಬಾಗುತ್ತದೆ. ಒಂದೇ ಪಠ್ಯವನ್ನು ಹಾಳೆಯುದ್ದಕ್ಕೂ ಮತ್ತೆ ಮತ್ತೆ ಮುದ್ರಿಸಿರುವಾಗ ಒಂದು ನಕಲಿನ ಮೊದಲರ್ಧವೂ ಮುಂದಿನ ನಕಲಿನ ಎರಡನೆಯರ್ಧವೂ ಸೇರಿ ಯಾರೂ ಬರೆಯದ ಹೊಸ ವಾಕ್ಯವೊಂದು ಹುಟ್ಟಿಕೊಳ್ಳುವುದುಂಟು.

ಇಂತಹ ಹಾಳೆಯ ಮೇಲೆ ದೊಡ್ಡ ಅಕ್ಷರಗಳು ಹೇಗೋ ಉಳಿದುಕೊಳ್ಳುತ್ತವೆ. ಮೊದಲು ಕಾಣೆಯಾಗುವುದು ದಶಮಾಂಶದ ಬಿಂದು, ಅಡ್ಡಗೆರೆ, ಮತ್ತು ಮೈಕ್ರೋಗ್ರಾಂ ಎಂಬುದನ್ನು ಸೂಚಿಸುವ ಗ್ರೀಕ್ ಅಕ್ಷರದ ಪುಟ್ಟ ಬಾಲ. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಭಾಗ. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಗಳ ಬಲ 25, 50, 100 ಮೈಕ್ರೋಗ್ರಾಂಗಳಲ್ಲಿರುತ್ತದೆ. ಅನುವಾದದಲ್ಲಿ ಅದು 50 ಮಿಲಿಗ್ರಾಂ ಎಂದು ಬಂದರೆ ಅಂಕಿ ಸರಿಯಾಗಿಯೇ ಇದ್ದು ಅರ್ಥ ಸಾವಿರಪಟ್ಟು ಬದಲಾಗಿರುತ್ತದೆ.

ಒಂದು ಬಿಂದು, ಒಂದು ವಾರ

ಈ ತೊಡಕುಗಳು ಒಟ್ಟಾಗಿ ಸೇರಿದಾಗ ಏನಾಗಬಹುದು ಎಂಬುದಕ್ಕೆ ಮೆಥೊಟ್ರೆಕ್ಸೇಟ್ ಎಂಬ ಔಷಧಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಸಂಧಿವಾತದಲ್ಲಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಮತ್ತು ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಇದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಉಳಿದ ಬಹುತೇಕ ಮಾತ್ರೆಗಳಿಗಿಂತ ಇದು ಭಿನ್ನವಾಗುವುದು ಒಂದೇ ಸಂಗತಿಯಲ್ಲಿ: ಈ ರೋಗಗಳಲ್ಲಿ ಇದನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸಬೇಕು.

ಮೆಥೊಟ್ರೆಕ್ಸೇಟ್ ಜೀವಕೋಶಗಳು ಫೋಲಿಕ್ ಆಮ್ಲವನ್ನು ಬಳಸಿಕೊಳ್ಳದಂತೆ ತಡೆಯುತ್ತದೆ. ಫೋಲಿಕ್ ಆಮ್ಲವಿಲ್ಲದೆ ಕೋಶಗಳು ವಿಭಜನೆಯಾಗಲಾರವು. ಆದ್ದರಿಂದ ಔಷಧವು ಬಿಡುವಿಲ್ಲದೆ ದಿನವೂ ದೇಹ ಸೇರಿದರೆ, ಸದಾ ಹೊಸ ಕೋಶಗಳನ್ನು ಹುಟ್ಟಿಸುತ್ತಿರುವ ಮೂಳೆಮಜ್ಜೆ ಮತ್ತು ಬಾಯಿ, ಕರುಳುಗಳ ಒಳಪದರ ಮೊದಲು ಸೊರಗುತ್ತವೆ. ಬಾಯಿಯ ತುಂಬ ಹುಣ್ಣು, ಗಂಟಲುನೋವು, ಜ್ವರ, ಮೈಮೇಲೆ ಕಾರಣವಿಲ್ಲದೆ ಮೂಡುವ ರಕ್ತದ ಕಲೆಗಳು ಇದರ ಲಕ್ಷಣಗಳಾಗಿದ್ದು, ವಾರದ ಔಷಧವನ್ನು ದಿನವೂ ನುಂಗಿದವರು ಮೃತಪಟ್ಟ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಈ ತಪ್ಪು ಎಷ್ಟು ಪದೇ ಪದೇ ಆಗುತ್ತಿತ್ತೆಂದರೆ, 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ಎದ್ದುಕಾಣುವಂತೆ ಮಾಡುವುದೂ ಸೇರಿದಂತೆ ಹೊಸ ಕ್ರಮಗಳನ್ನು ಶಿಫಾರಸು ಮಾಡಬೇಕಾಯಿತು. ಅಲ್ಲಿ ಲೇಬಲ್ ಸಾಮಾನ್ಯವಾಗಿ ಆಯಾ ದೇಶದ ಭಾಷೆಯಲ್ಲಿಯೇ ಇರುತ್ತದೆ ಎಂಬುದನ್ನು ನೆನಪಿಡಬೇಕು.

ಈಗ ಒಂದು ಕಲ್ಪಿತ ಸಂದರ್ಭವನ್ನು ಹಂತಹಂತವಾಗಿ ನೋಡಬಹುದು. ಸಂಧಿವಾತವಿರುವ ಹಿರಿಯರೊಬ್ಬರಿಗೆ ವೈದ್ಯರು ಪ್ರತಿ ಭಾನುವಾರ 10 ಮಿಲಿಗ್ರಾಂ ಮೆಥೊಟ್ರೆಕ್ಸೇಟ್ ಮತ್ತು ಬೇರೆ ದಿನಗಳಲ್ಲಿ ಫೋಲಿಕ್ ಆಮ್ಲದ ಮಾತ್ರೆ ಬರೆದುಕೊಟ್ಟಿದ್ದಾರೆ. ಅಂಗಡಿಯಲ್ಲಿ 2.5 ಮಿಲಿಗ್ರಾಂ ಮಾತ್ರೆ ಸಿಕ್ಕಿದ್ದರಿಂದ ಭಾನುವಾರ ನಾಲ್ಕು ಮಾತ್ರೆ ನುಂಗುವಂತೆ ಹೇಳಿ ಕಳಿಸಲಾಗಿದೆ. ಹಲವು ಬ್ರ್ಯಾಂಡ್‌ಗಳಲ್ಲಿ ಈ ಎರಡೂ ಔಷಧಗಳು ಚಿಕ್ಕ ಹಳದಿ ಮಾತ್ರೆಗಳೇ ಆಗಿರುವುದರಿಂದ ಕಣ್ಣಿಗೆ ಭೇದ ಸಿಗದೆ, ಮನೆಯವರು ಮೊಬೈಲಿನಲ್ಲಿ ಸ್ಟ್ರಿಪ್‌ನ ಚಿತ್ರ ತೆಗೆದು ಅನುವಾದಿಸುತ್ತಾರೆ.

ಪರದೆಯ ಮೇಲೆ ಔಷಧದ ಹೆಸರು ಸರಿಯಾಗಿ ಬರುತ್ತದೆ. ಹೆಸರಿನ ಮುಂದಿನ ‘ಐ.ಪಿ.’ ಎಂಬ ಎರಡಕ್ಷರ, ಅಂದರೆ ಮಾತ್ರೆಯು ಭಾರತೀಯ ಔಷಧಕೋಶದ ಗುಣಮಟ್ಟಕ್ಕೆ ಒಳಪಟ್ಟಿದೆ ಎಂಬ ಗುರುತು, ಅರ್ಥವಾಗದೆ ಹಾಗೆಯೇ ಉಳಿಯುತ್ತದೆ, ಅದರಿಂದ ಹಾನಿಯೇನಿಲ್ಲ. ಬೆಳಕು ಚೆಲ್ಲಿದ ಜಾಗದಲ್ಲಿ ಬಿಂದು ಅಳಿದು 2.5 ಎಂಬುದು 25 ಆಗಿರಬಹುದು. ಅದು ಆಗದಿದ್ದರೂ ಮಾತ್ರಾಪ್ರಮಾಣದ ಜಾಗದಲ್ಲಿ ಬರುವುದು ‘ವೈದ್ಯರ ನಿರ್ದೇಶನದಂತೆ’ ಎಂಬ ಸಾಲು. ಭಾನುವಾರ ಎಂಬ ಪದ ಸ್ಟ್ರಿಪ್‌ನ ಮೇಲೆ ಇರುವ ಪ್ರಶ್ನೆಯೇ ಇಲ್ಲ, ಏಕೆಂದರೆ ಅದು ಆ ರೋಗಿಗೆ ಆ ವೈದ್ಯರು ಗೊತ್ತುಮಾಡಿದ ದಿನ. ಇಡೀ ಚಿಕಿತ್ಸೆಯ ಜೀವಾಳವಾದ ಆ ಒಂದು ಪದ ಇರುವುದು ವೈದ್ಯರ ಚೀಟಿಯಲ್ಲಿ ಮಾತ್ರ.

ಮುಂದಿನ ತಿಂಗಳು ಇನ್ನೊಂದು ಅಪಾಯ ಕಾದಿದೆ. ಈ ಸಲ ಅಂಗಡಿಯಲ್ಲಿ 10 ಮಿಲಿಗ್ರಾಂ ಮಾತ್ರೆಯ ಸ್ಟ್ರಿಪ್ ಸಿಗುತ್ತದೆ. ಅನುವಾದಿಸಿದರೆ ಅದೇ ಹೆಸರು, ಅದೇ ಎಚ್ಚರಿಕೆ, ಅದೇ ‘ನಿರ್ದೇಶನದಂತೆ’. ‘ಭಾನುವಾರ ನಾಲ್ಕು’ ಎಂದು ರೂಢಿಯಾದ ಮನೆಯಲ್ಲಿ ಈ ಸಲವೂ ನಾಲ್ಕನ್ನೇ ನುಂಗಿದರೆ ದೇಹ ಸೇರುವುದು 40 ಮಿಲಿಗ್ರಾಂ. ಇಲ್ಲಿ ಯಂತ್ರದ ತಪ್ಪು ಎಳ್ಳಷ್ಟೂ ಇಲ್ಲ. ಹೆಸರಿಗೆ ಸಿಕ್ಕ ನಂಬಿಕೆ ಅಂಕಿಗೂ ತಾನಾಗಿ ಹಬ್ಬಿದ್ದೇ ಅನಾಹುತಕ್ಕೆ ಕಾರಣ.

ಇಷ್ಟು ಉಗ್ರವಲ್ಲದ ಆದರೆ ಇನ್ನೂ ಹೆಚ್ಚು ಮನೆಗಳಲ್ಲಿ ಕಾಣುವ ಇನ್ನೊಂದು ಉದಾಹರಣೆಯೆಂದರೆ ಡಿ ಜೀವಸತ್ವದ 60,000 ಯೂನಿಟ್‌ಗಳ ಕ್ಯಾಪ್ಸೂಲ್. ಇದೂ ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಗಳವರೆಗೆ ಕೊಡುವ ಔಷಧ. ಜೀವಸತ್ವ ಎಂಬ ಪದವನ್ನು ಅನುವಾದದಲ್ಲಿ ಕಂಡವರು ಇದರಿಂದ ಕೇಡೇನಾದೀತು ಎಂದು ದಿನಕ್ಕೊಂದು ನುಂಗುತ್ತ ಹೋದರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳಿಗೆ ಧಕ್ಕೆಯಾಗುವವರೆಗೆ ಸಂಗತಿ ಬೆಳೆಯಬಹುದು.

‘ಹೊರತು’ ಬಿಟ್ಟುಹೋದರೆ

ಎಚ್ಚರಿಕೆಯ ಸಾಲುಗಳ ಸ್ವಭಾವ ಬೇರೆ. ಅಲ್ಲಿ ಅಂಕಿಗಳಿಗಿಂತ ನಿಷೇಧ ಮತ್ತು ಅಪವಾದಗಳನ್ನು ಸೂಚಿಸುವ ಚಿಕ್ಕ ಪದಗಳೇ ಅರ್ಥವನ್ನು ಹೊತ್ತಿರುತ್ತವೆ. ಅನುಸೂಚಿ ಎಚ್1 ಎಂಬ ಪಟ್ಟಿಗೆ ಸೇರಿದ ಔಷಧಗಳ ಮೇಲೆ, ಅಂದರೆ ಕೆಲವು ಪ್ರಬಲ ಆ್ಯಂಟಿಬಯಾಟಿಕ್, ಕ್ಷಯರೋಗದ ಮತ್ತು ಚಟ ಹಿಡಿಸಬಲ್ಲ ಔಷಧಗಳ ಮೇಲೆ, ಕೆಂಪು ಚೌಕಟ್ಟಿನೊಳಗೆ ಎರಡು ಸಾಲುಗಳಿರಬೇಕೆಂದು ನಿಯಮವಿದೆ. ವೈದ್ಯಕೀಯ ಸಲಹೆಯಂತೆ ಹೊರತು ಇದನ್ನು ಸೇವಿಸುವುದು ಅಪಾಯಕಾರಿ ಎನ್ನುವುದು ಮೊದಲನೆಯದು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರಬಾರದು ಎನ್ನುವುದು ಎರಡನೆಯದು.

ಚೌಕಟ್ಟಿನ ಮೇಲೆ ಗುಳಿಯ ಅಂಚು ಹಾದು ಮೊದಲ ಸಾಲಿನ ‘ಹೊರತು’ ಎಂಬರ್ಥದ ಪದ ಕ್ಯಾಮೆರಾಕ್ಕೆ ಸಿಗಲಿಲ್ಲವೆಂದು ಇಟ್ಟುಕೊಂಡರೆ, ಉಳಿದ ಪದಗಳಿಂದ ಹುಟ್ಟುವ ವಾಕ್ಯವು ‘ವೈದ್ಯಕೀಯ ಸಲಹೆಯಂತೆ ಇದನ್ನು ಸೇವಿಸುವುದು ಅಪಾಯಕಾರಿ’ ಎಂದಾಗುತ್ತದೆ. ವ್ಯಾಕರಣಕ್ಕೆ ಕುಂದಿಲ್ಲದ, ಮೂಲಕ್ಕೆ ನೇರ ವಿರುದ್ಧವಾದ ವಾಕ್ಯ. ಎರಡನೆಯ ಸಾಲು ಅಂಗಡಿಯವರನ್ನು ಉದ್ದೇಶಿಸಿದ್ದು; ಅದನ್ನು ತನಗೇ ಹೇಳಿದ್ದೆಂದು ಭಾವಿಸಿ ಹೆದರಿ ಔಷಧವನ್ನೇ ನಿಲ್ಲಿಸುವ ರೋಗಿಯೂ ಇರಬಹುದು, ಇದು ಮಾರುವವರ ಗೋಜು ಎಂದು ಮೊದಲ ಸಾಲನ್ನೂ ಅಲಕ್ಷಿಸುವವರೂ ಇರಬಹುದು.

ನಿಷೇಧದ ವಿಷಯದಲ್ಲಿ ಕನ್ನಡದ ರಚನೆಯೇ ಒಂದು ಬಲೆಯಾಗುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಒಮ್ಮೆ ಬರುವ ನಿಷೇಧವು ಮುಂದಿನ ಎರಡು ಮೂರು ಕ್ರಿಯೆಗಳನ್ನೂ ಒಳಗೊಳ್ಳುತ್ತದೆ. ಕನ್ನಡದಲ್ಲಿ ಸಾಮಾನ್ಯವಾಗಿ ಪ್ರತಿ ಕ್ರಿಯಾಪದದ ಕೊನೆಗೂ ‘ಬೇಡಿ’ ಅಥವಾ ‘ಬಾರದು’ ಬರಬೇಕು. ನಿಧಾನವಾಗಿ ಕರಗುವಂತೆ ಅಥವಾ ಜಠರ ದಾಟಿದ ಮೇಲೆ ಕರಗುವಂತೆ ತಯಾರಿಸಿದ ಮಾತ್ರೆಗಳ ಮೇಲೆ ಪುಡಿ ಮಾಡುವುದನ್ನೂ ಅಗಿಯುವುದನ್ನೂ ನಿಷೇಧಿಸುವ ಸಾಲಿರುತ್ತದೆ. ಯಂತ್ರವು ಮೊದಲ ಕ್ರಿಯೆಗೆ ಮಾತ್ರ ನಿಷೇಧವನ್ನು ಅಂಟಿಸಿದರೆ ‘ಪುಡಿ ಮಾಡಬೇಡಿ ಅಥವಾ ಅಗಿಯಿರಿ’ ಎಂಬ ಸೂಚನೆ ಹುಟ್ಟುತ್ತದೆ. ಇಡೀ ದಿನಕ್ಕೆಂದು ತುಂಬಿಟ್ಟ ಔಷಧವು ಅಗಿದ ಮಾತ್ರೆಯಿಂದ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ.

ಪ್ಯಾರಾಸಿಟಮಾಲ್ ಇರುವ ಅನೇಕ ಸ್ಟ್ರಿಪ್‌ಗಳ ಮೇಲೆ, ದೈನಂದಿನ ಪ್ರಮಾಣವನ್ನು ಮೀರಿದರೆ ಯಕೃತ್ತಿಗೆ ಗಂಭೀರ ಹಾನಿಯಾಗಬಹುದೆಂಬ ಎಚ್ಚರಿಕೆಯಿರುತ್ತದೆ. ಅದನ್ನು ಎಷ್ಟೇ ಚೆನ್ನಾಗಿ ಅನುವಾದಿಸಿದರೂ ಆ ದೈನಂದಿನ ಪ್ರಮಾಣ ಎಷ್ಟೆಂಬುದು ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4 ಗ್ರಾಂ ಗರಿಷ್ಠ ಮಿತಿ. ಯಕೃತ್ತಿನ ರೋಗವಿರುವವರಿಗೆ, ಮದ್ಯಪಾನಿಗಳಿಗೆ ಮತ್ತು ತೀರ ಕೃಶರಾದವರಿಗೆ ಅದಕ್ಕಿಂತ ಕಡಿಮೆ. ಜ್ವರಕ್ಕೆಂದು 650 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಆರು ಸಲ ನುಂಗಿದರೆ 3,900 ಮಿಲಿಗ್ರಾಂ ಆಗುತ್ತದೆ. ಅದರ ಜೊತೆಗೆ ಮಂಡಿನೋವಿಗೆಂದು ತರುವ ಜೋಡಿ ಔಷಧದ ಮಾತ್ರೆಯಲ್ಲಿಯೂ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದು, ಅದನ್ನು ಎರಡು ಸಲ ನುಂಗಿದರೆ ಒಟ್ಟು 4,550 ಮಿಲಿಗ್ರಾಂ ಆಗಿ ಮಿತಿ ದಾಟಿರುತ್ತದೆ. ಎರಡು ಸ್ಟ್ರಿಪ್‌ಗಳನ್ನು ಬೇರೆ ಬೇರೆಯಾಗಿ ಅನುವಾದಿಸಿ ನೋಡಿದವರಿಗೆ ಒಂದು ಜ್ವರದ್ದು, ಇನ್ನೊಂದು ನೋವಿನದ್ದು ಎಂದಷ್ಟೇ ಕಾಣುತ್ತದೆ. ಎರಡರ ಒಳಗೂ ಇರುವುದು ಒಂದೇ ಎಂಬುದು ಅಂಶಗಳ ಸಾಲನ್ನು ಜೋಡಿಸಿ ಓದಿದಾಗ ಮಾತ್ರ ಹೊಳೆಯುತ್ತದೆ.

ಬಣ್ಣಕ್ಕೆ ಅನುವಾದವಿಲ್ಲ

ಸ್ಟ್ರಿಪ್‌ನ ಮೇಲೆ ಅಕ್ಷರಗಳಲ್ಲದ ಎಚ್ಚರಿಕೆಗಳೂ ಇವೆ. ಆ್ಯಂಟಿಬಯಾಟಿಕ್ ಸ್ಟ್ರಿಪ್‌ಗಳ ಹಿಂಬದಿಯಲ್ಲಿ ಉದ್ದಕ್ಕೆ ಎಳೆದ ಕೆಂಪು ಗೆರೆಯು ಚೀಟಿಯಿಲ್ಲದೆ ಸೇವಿಸಬಾರದು ಎಂಬುದರ ಗುರುತು. ಅದರ ಕುರಿತು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಪ್ರಚಾರಾಂದೋಲನ ನಡೆಸಿತ್ತು. ಕ್ಯಾಮೆರಾದ ಅನುವಾದಕ್ಕೆ ಗೆರೆಯು ಪಠ್ಯವಲ್ಲವಾದ್ದರಿಂದ ಅದನ್ನು ಅದು ಬಿಟ್ಟುಬಿಡುತ್ತದೆ, ಕೆಲವೊಮ್ಮೆ ಹೊದಿಸಿದ ಕನ್ನಡದ ಪಟ್ಟಿಯಿಂದ ಮುಚ್ಚಿಯೂಬಿಡುತ್ತದೆ. ಮೂಲೆಯಲ್ಲಿನ ‘ಆರ್‌ಎಕ್ಸ್’ ಗುರುತಿನ ಗತಿಯೂ ಬಹುಮಟ್ಟಿಗೆ ಇದೇ.

2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಸ್ಕ್ಯಾನ್ ಮಾಡಿದರೆ ಸೇವನೆಯ ವಿವರ ಸಿಗುತ್ತದೆಂಬ ನಿರೀಕ್ಷೆ ಸರಿಯಲ್ಲ. ನಕಲಿ ಔಷಧವನ್ನು ಪತ್ತೆಹಚ್ಚುವ ಉದ್ದೇಶದಿಂದ ಬಂದ ಆ ಕೋಡ್‌ನಲ್ಲಿ ಇರಬೇಕೆಂದು ನಿಯಮ ಹೇಳುವುದು ಹೆಸರು, ತಯಾರಕರು, ಬ್ಯಾಚ್, ದಿನಾಂಕ ಮತ್ತು ಪರವಾನಗಿಯ ವಿವರಗಳನ್ನಷ್ಟೆ.

ಬೇರೆ ಭಾಷೆಗಳಲ್ಲಿ ಕಂಡದ್ದು

ಯಂತ್ರಾನುವಾದಿತ ವೈದ್ಯಕೀಯ ಸೂಚನೆಗಳನ್ನು ಅಮೆರಿಕದಲ್ಲಿ ಹಲವು ಸಲ ಪರೀಕ್ಷೆಗೆ ಒಡ್ಡಲಾಗಿದೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಪ್ರದೇಶದ ಔಷಧಾಲಯಗಳು ಕಂಪ್ಯೂಟರಿನಿಂದ ಸ್ಪ್ಯಾನಿಷ್‌ಗೆ ಅನುವಾದಿಸಿ ಕೊಡುತ್ತಿದ್ದ ಲೇಬಲ್‌ಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವು, ಪರಿಶೀಲಿಸಿದವುಗಳಲ್ಲಿ ಅರ್ಧದಷ್ಟರಲ್ಲಿ ತಪ್ಪುಗಳನ್ನು ಕಂಡಿತು. ‘ಒಮ್ಮೆ’ ಎಂಬರ್ಥದ ಇಂಗ್ಲಿಷ್ ಪದದ ಕಾಗುಣಿತವೇ ಸ್ಪ್ಯಾನಿಷ್‌ನಲ್ಲಿ ಹನ್ನೊಂದು ಎಂಬ ಸಂಖ್ಯೆಯಾಗುವುದರಿಂದ, ಅನುವಾದವಾಗದೆ ಉಳಿದ ಆ ಒಂದು ಪದ ದಿನಕ್ಕೆ ಹನ್ನೊಂದು ಸಲ ಎಂಬ ಅರ್ಥಕ್ಕೆ ಎಡೆಮಾಡುವಂತಿತ್ತು.

2021ರ ಇನ್ನೊಂದು ಅಧ್ಯಯನವು ತುರ್ತು ಚಿಕಿತ್ಸಾ ವಿಭಾಗದಿಂದ ಮನೆಗೆ ಹೋಗುವವರಿಗೆ ಕೊಡುವ ಸೂಚನೆಗಳನ್ನು ಗೂಗಲ್‌ನ ಅನುವಾದದಿಂದ ಏಳು ಭಾಷೆಗಳಿಗೆ ತಿರುಗಿಸಿ ಆಯಾ ಭಾಷಿಕರಿಂದ ಪರಿಶೀಲಿಸಿತು. ಸ್ಪ್ಯಾನಿಷ್‌ನಲ್ಲಿ ಶೇ. 94ರಷ್ಟು ಕಡೆ ಅರ್ಥ ಉಳಿದಿದ್ದರೆ ಆರ್ಮೀನಿಯನ್‌ನಲ್ಲಿ ಶೇ. 55ರಷ್ಟು ಕಡೆ ಮಾತ್ರ ಉಳಿದಿತ್ತು. ನೋವಿಗೆ ಐಬುಪ್ರೊಫೆನ್ ತೆಗೆದುಕೊಳ್ಳಬಹುದೆಂಬ ಸಲಹೆಯು ಆರ್ಮೀನಿಯನ್‌ನಲ್ಲಿ ಟ್ಯಾಂಕ್ ನಾಶಕ ಕ್ಷಿಪಣಿ ತೆಗೆದುಕೊಳ್ಳಬಹುದೆಂದಾಯಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧವೊಂದರ ಬ್ರ್ಯಾಂಡ್ ಹೆಸರು ಚೀನೀ ಭಾಷೆಯಲ್ಲಿ ಸೋಯಾ ಅವರೆಯಾಯಿತು. ಮೊದಲನೆಯದು ನಗೆ ತರಿಸುತ್ತದೆ, ಆದ್ದರಿಂದಲೇ ಅಪಾಯ ಕಡಿಮೆ. ಔಷಧ ನಿಲ್ಲಿಸಿ ಎಂದದ್ದು ಸೋಯಾ ತಿನ್ನಬೇಡಿ ಎಂದಾದರೆ ರೋಗಿ ಅದನ್ನು ಪಥ್ಯವೆಂದು ನಂಬಿ ಔಷಧವನ್ನು ಮುಂದುವರಿಸುತ್ತಾನೆ. ಕನ್ನಡ ಆ ಏಳರಲ್ಲಿ ಇರಲಿಲ್ಲ. ಅನುವಾದಕ ಯಂತ್ರಗಳು ಕಲಿಯಲು ಸಿಗುವ ಪಠ್ಯದ ವಿಷಯದಲ್ಲಿ ಅದರ ಸ್ಥಿತಿ ಸ್ಪ್ಯಾನಿಷ್‌ನದ್ದಂತೂ ಅಲ್ಲ.

ತಾಳೆ ನೋಡುವ ಕ್ರಮ

ಚಿತ್ರ ತೆಗೆಯುವಾಗಲೇ ಅರ್ಧ ತಪ್ಪನ್ನು ತಡೆಯಬಹುದು. ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿಯದೆ ಬಣ್ಣದ ಬಟ್ಟೆಯ ಮೇಲೆ ಚಪ್ಪಟೆಯಾಗಿಟ್ಟು, ಫ್ಲ್ಯಾಶ್ ಆರಿಸಿ, ಕಿಟಕಿಯ ಹಗಲು ಬೆಳಕಿನಲ್ಲಿ ತೆಗೆಯುವುದು ಒಳ್ಳೆಯದು. ಹೊಳಪು ಬಿದ್ದ ಜಾಗ ಕೋನ ಬದಲಾದಂತೆ ಸರಿಯುವುದರಿಂದ ಎರಡು ಬೇರೆ ಕೋನಗಳ ಚಿತ್ರಗಳಿದ್ದರೆ ಒಂದರಲ್ಲಿ ಅಳಿದದ್ದು ಇನ್ನೊಂದರಲ್ಲಿ ಕಾಣುತ್ತದೆ. ನೇರ ಕ್ಯಾಮೆರಾದಲ್ಲಿ ಅನುವಾದಿತ ಅಂಕಿಯೊಂದು 2.5, 25, 2.5 ಎಂದು ಮಿನುಗಿ ಬದಲಾಗುತ್ತಿದ್ದರೆ, ಯಂತ್ರಕ್ಕೆ ಆ ಜಾಗ ಸ್ಪಷ್ಟವಾಗಿಲ್ಲ ಎಂದೇ ಅರ್ಥ. ಅನುವಾದವನ್ನು ಬದಿಗಿಟ್ಟು ಮೂಲದ ಇಂಗ್ಲಿಷ್ ಪಠ್ಯವನ್ನು ತೋರಿಸುವ ಆಯ್ಕೆ ಇಂತಹ ಆ್ಯಪ್‌ಗಳಲ್ಲಿ ಇರುತ್ತದೆ; ಇಂಗ್ಲಿಷ್ ಬಾರದವರೂ ಅಲ್ಲಿನ ಅಂಕಿ ಮತ್ತು ಬಿಂದುಗಳನ್ನು ಸ್ಟ್ರಿಪ್‌ನೊಡನೆ ಒಂದೊಂದಾಗಿ ಹೋಲಿಸಬಲ್ಲರು.

ಅಂಕಿಗೆ ಇನ್ನೂ ಗಟ್ಟಿಯಾದ ಪರೀಕ್ಷೆಯೆಂದರೆ ಗುಣಾಕಾರ. ಸ್ಟ್ರಿಪ್‌ನ ಮೇಲಿನ ಬಲವನ್ನು ಒಂದು ಹೊತ್ತಿನ ಮಾತ್ರೆಗಳ ಸಂಖ್ಯೆಯಿಂದ ಗುಣಿಸಿದರೆ ವೈದ್ಯರ ಚೀಟಿಯಲ್ಲಿನ ಪ್ರಮಾಣ ಬರಬೇಕು. ಮೇಲಿನ ಉದಾಹರಣೆಯಲ್ಲಿ ನಾಲ್ಕು ಎರಡೂವರೆ ಹತ್ತು, ಚೀಟಿಗೆ ಸರಿಹೊಂದುತ್ತದೆ. ಬಿಂದು ಅಳಿದ 25 ಆಗಿದ್ದರೆ ನೂರು, ಮುಂದಿನ ತಿಂಗಳ ಸ್ಟ್ರಿಪ್ ಆಗಿದ್ದರೆ ನಲವತ್ತು, ಎರಡೂ ಹೊಂದುವುದಿಲ್ಲ. ಹೊಂದದಿದ್ದಾಗ ಮಾತ್ರೆಯನ್ನು ಮುಟ್ಟದೆ ಅಂಗಡಿಗೆ ಅಥವಾ ಆಸ್ಪತ್ರೆಗೆ ಹೋಗಿ ಕೇಳಬೇಕಾಗುತ್ತದೆ.

ಎಷ್ಟು ಸಲ ಎಂಬುದರ ಮೂಲ ಯಾವಾಗಲೂ ಚೀಟಿ ಮತ್ತು ಔಷಧಿ ಅಂಗಡಿಯವರು ಕವರಿನ ಮೇಲೆ ಪೆನ್ನಿನಲ್ಲಿ ಬರೆದುಕೊಡುವ 1-0-1 ಎಂಬಂತಹ ಗುರುತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅದರ ಅರ್ಥ. ಅದನ್ನು ಕ್ಯಾಮೆರಾಕ್ಕೆ ತೋರಿಸಿ ಫಲವಿಲ್ಲ, ಅದು 101 ಎಂದು ಓದಿಬಿಡಲೂಬಹುದು. ಚೀಟಿಯಲ್ಲಿ ‘ಓಡಿ’ ಎಂದಿದ್ದರೆ ದಿನಕ್ಕೊಮ್ಮೆ, ‘ಬಿಡಿ’ ಎಂದಿದ್ದರೆ ಎರಡು ಸಲ, ‘ಟಿಡಿಎಸ್’ ಎಂದಿದ್ದರೆ ಮೂರು ಸಲ, ‘ಎಸ್‌ಒಎಸ್’ ಎಂದಿದ್ದರೆ ಅಗತ್ಯ ಬಿದ್ದಾಗ ಮಾತ್ರ. ಈ ಸಂಕ್ಷೇಪಗಳ ವಿಷಯದಲ್ಲಿ ಸಾಮಾನ್ಯ ಅನುವಾದಕ ಯಂತ್ರಕ್ಕಿಂತ ಅಂಗಡಿಯ ಫಾರ್ಮಸಿಸ್ಟ್ ನಂಬಿಕೆಗೆ ಹೆಚ್ಚು ಅರ್ಹರು. ಅವರಿಂದ ಸೂಚನೆಯನ್ನು ಕನ್ನಡದಲ್ಲಿಯೇ ಕವರಿನ ಮೇಲೆ ಬರೆಸಿಕೊಂಡು, ಮರಳಿ ಓದಿ ಹೇಳಿ ಖಚಿತಪಡಿಸಿಕೊಳ್ಳಲು ಅರ್ಧ ನಿಮಿಷ ಸಾಕು. ವಾರಕ್ಕೊಮ್ಮೆಯ ಔಷಧವಾದರೆ ವಾರದ ಹೆಸರನ್ನೂ ಬರೆಸಿಕೊಳ್ಳಬೇಕು.

ಅನುವಾದವನ್ನು ಮತ್ತೆ ಇಂಗ್ಲಿಷ್‌ಗೆ ತಿರುಗಿಸಿ ನೋಡುವ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ವಾಕ್ಯದ ಅರ್ಥ ತೀರ ಕೆಟ್ಟಿದ್ದರೆ ಅದು ಬಯಲಾಗುವುದು ನಿಜ. ಆದರೆ ಕ್ಯಾಮೆರಾ ತಪ್ಪಾಗಿ ಓದಿದ 25 ಎಂಬುದು ಹಿಂದಿರುಗಿ ಬಂದಾಗಲೂ 25 ಆಗಿಯೇ ಇರುತ್ತದೆ.

ಬಿಡಿ ಮಾತ್ರೆ ಕೊಳ್ಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅವಧಿ ಮುಗಿಯುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆಗಳು ಅನೇಕ ಸ್ಟ್ರಿಪ್‌ಗಳಲ್ಲಿ ಒಂದು ತುದಿಗೆ ಮಾತ್ರ ಇರುತ್ತವೆ. ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಅವು ಇಲ್ಲದಿದ್ದರೆ, ಯಂತ್ರವು ಅವುಗಳ ಕೊರತೆಯನ್ನು ಎತ್ತಿ ತೋರಿಸುವುದಿಲ್ಲ; ಇರುವ ಅಕ್ಷರಗಳನ್ನಷ್ಟೇ ಕನ್ನಡ ಮಾಡಿ ಕೊಡುತ್ತದೆ. ಇಡೀ ಸ್ಟ್ರಿಪ್ ಕೊಂಡವರು ಆ ತುದಿಯ ಮಾತ್ರೆಯನ್ನು ಕೊನೆಗೆ ನುಂಗುವ ರೂಢಿ ಇಟ್ಟುಕೊಳ್ಳುವುದು ಲೇಸು.

ತಪ್ಪಾಗಿ ನುಂಗಿದ್ದರೆ

ಹೆಚ್ಚಿನ ಪ್ರಮಾಣ ಸೇವಿಸಲಾಗಿದೆ ಎಂದು ತಿಳಿದ ಕೂಡಲೇ, ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಪ್ಯಾರಾಸಿಟಮಾಲ್ ಅತಿಯಾದಾಗ ಮೊದಲ ದಿನ ವಾಕರಿಕೆಯ ಹೊರತು ಏನೂ ಕಾಣದಿರಬಹುದು, ಕೆಲವರಲ್ಲಿ ಅದೂ ಇರುವುದಿಲ್ಲ. ಯಕೃತ್ತಿನ ಹಾನಿ ಹೊರಗೆ ತೋರುವುದು ಆ ಬಳಿಕ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದ್ದು, ನುಂಗಿದ ಎಂಟು ಗಂಟೆಗಳೊಳಗೆ ಶುರುಮಾಡಿದರೆ ಅದು ಅತ್ಯಂತ ಪರಿಣಾಮಕಾರಿಯಾಗಿ ಕೆಲಸ ಮಾಡುತ್ತದೆ. ಮೆಥೊಟ್ರೆಕ್ಸೇಟ್‌ಗೆ ಫೋಲಿನಿಕ್ ಆಮ್ಲವೆಂಬ ಪ್ರತಿಔಷಧವಿದೆ. ಅದು ಮನೆಯಲ್ಲಿರುವ ಫೋಲಿಕ್ ಆಮ್ಲದ ಮಾತ್ರೆಯಲ್ಲ, ಎರಡರ ಹೆಸರು ಹತ್ತಿರವಿರುವುದರಿಂದ ಒಂದರ ಬದಲು ಇನ್ನೊಂದನ್ನು ನುಂಗಿ ಸುಮ್ಮನಿರುವಂತಿಲ್ಲ. ಆಸ್ಪತ್ರೆಗೆ ಹೋಗುವಾಗ ಅನುವಾದದ ಸ್ಕ್ರೀನ್‌ಶಾಟ್ ಒಯ್ದರೆ ಸಾಲದು. ಖಾಲಿಯಾದ ಗುಳಿಗಳ ಸಮೇತ ಸ್ಟ್ರಿಪ್ಪನ್ನೇ ಒಯ್ದರೆ ಯಾವ ಔಷಧ, ಎಷ್ಟು ಬಲದ್ದು, ಎಷ್ಟು ಮಾತ್ರೆ ಖರ್ಚಾಗಿದೆ ಎಂಬ ಮೂರೂ ಸಂಗತಿಗಳನ್ನು ವೈದ್ಯರು ಅದರಿಂದಲೇ ಲೆಕ್ಕಹಾಕುತ್ತಾರೆ.